ಮುಂದಿರುವ ಎರಡನ್ನು ಹೋಲಿಸಿದರೆ ಸಾಕು

ಎರಡು ಸಾಲು ಸಂಖ್ಯೆಗಳಿವೆ. ಒಂದರಲ್ಲಿ 17, 34, 52, 88. ಇನ್ನೊಂದರಲ್ಲಿ 9, 23, 45, 61. ಎರಡೂ ಆಗಲೇ ಏರಿಕೆಯ ಕ್ರಮದಲ್ಲಿವೆ. ಇವನ್ನು ಸೇರಿಸಿ ಎಂಟರ ಒಂದೇ ಸಾಲು ಮಾಡಬೇಕು. ಎಲ್ಲಕ್ಕಿಂತ ಚಿಕ್ಕದು ಯಾವುದೆಂದು ತಿಳಿಯಲು ಎಂಟನ್ನೂ ತಡಕಬೇಕಿಲ್ಲ. ಅದು ಒಂದೋ 17, ಇಲ್ಲವೇ 9. ಉಳಿದವೆಲ್ಲ ಇವುಗಳ ಹಿಂದೆ ನಿಂತಿವೆ, ಹಾಗಾಗಿ ಇವಕ್ಕಿಂತ ದೊಡ್ಡವೇ.

9 ಚಿಕ್ಕದು, ಅದನ್ನು ತೆಗೆದು ಹೊಸ ಸಾಲಿಗೆ ಹಾಕಿ. ಈಗ ಮುಂದಿರುವವು 17 ಮತ್ತು 23, 17 ಹೋಗುತ್ತದೆ. ಆಮೇಲೆ 34 ಮತ್ತು 23, 23 ಹೋಗುತ್ತದೆ. ಹೀಗೆಯೇ 34, 45, 52, 61. ಅಷ್ಟರಲ್ಲಿ ಎರಡನೇ ಸಾಲು ಖಾಲಿ. ಮೊದಲ ಸಾಲಿನಲ್ಲಿ ಉಳಿದ 88ನ್ನು ಹೋಲಿಕೆಯಿಲ್ಲದೆ ಕೊನೆಗೆ ಇಟ್ಟರಾಯಿತು. ಒಟ್ಟು ಏಳೇ ಹೋಲಿಕೆ. ಮರ್ಜ್ ಸಾರ್ಟ್ ವಿಧಾನದ ಜೀವಾಳ ಈ ಸೇರಿಸುವಿಕೆ.

ಆದರೆ ಕ್ರಮದಲ್ಲಿರುವ ಆ ಎರಡು ಸಾಲುಗಳು ಬಂದದ್ದು ಎಲ್ಲಿಂದ? ನಮ್ಮ ಕೈಗೆ ಮೊದಲು ಸಿಕ್ಕಿದ್ದು 52, 17, 88, 34, 61, 9, 45, 23 ಎಂಬ ಕಲಸುಮೇಲೋಗರ. ಇದನ್ನು ನಡುವೆ ಸೀಳಿದರೆ ನಾಲ್ಕು ನಾಲ್ಕು. ಮತ್ತೆ ಸೀಳಿದರೆ ಎರಡೆರಡು, ಇನ್ನೊಮ್ಮೆ ಸೀಳಿದರೆ ಒಂದೊಂದು. ಒಂದೇ ಸಂಖ್ಯೆಯ ಸಾಲು ತಾನಾಗಿಯೇ ಕ್ರಮದಲ್ಲಿರುತ್ತದೆ, ಅಲ್ಲಿ ಮಾಡುವ ಕೆಲಸವೇ ಇಲ್ಲ. ಸೀಳುವಾಗ ಯಾವುದನ್ನೂ ಯಾವುದಕ್ಕೂ ಹೋಲಿಸಿಲ್ಲ ಎಂಬುದನ್ನು ಗಮನಿಸಿ. ಇನ್ನು ಹಿಂದಿರುಗುವ ದಾರಿ: ಒಂಟಿಗಳನ್ನು ಜೋಡಿಯಾಗಿ ಸೇರಿಸಿದರೆ 17–52, 34–88, 9–61, 23–45. ಇದಕ್ಕೆ ನಾಲ್ಕು ಹೋಲಿಕೆ. ಜೋಡಿಗಳನ್ನು ಸೇರಿಸಿದರೆ ನಾವು ಮೇಲೆ ನೋಡಿದ ಎರಡು ಸಾಲುಗಳು. ಇದಕ್ಕೆ ಆರು. ಕೊನೆಯ ಏಳೂ ಸೇರಿ ಹದಿನೇಳು.

ಪ್ರತಿ ಸಲವೂ ಇಡೀ ಪಟ್ಟಿ ಹುಡುಕಿ ಚಿಕ್ಕದನ್ನು ಹೆಕ್ಕುವ ಸರಳ ವಿಧಾನಕ್ಕೆ ಇದೇ ಎಂಟು ಸಂಖ್ಯೆಗೆ 28 ಹೋಲಿಕೆ ಬೇಕು. ಅಂತರ ಅಷ್ಟೇನೂ ದೊಡ್ಡದಲ್ಲ ಅನ್ನಿಸಬಹುದು. ಪಟ್ಟಿಯಲ್ಲಿ ಹತ್ತು ಲಕ್ಷ ಸಂಖ್ಯೆಗಳಿದ್ದರೆ ನೋಡಿ. ಸರಳ ವಿಧಾನಕ್ಕೆ ಸುಮಾರು 50,000 ಕೋಟಿ ಹೋಲಿಕೆ ಬೇಕಾಗುತ್ತದೆ. ಮರ್ಜ್ ಸಾರ್ಟ್‌ಗೆ ಎರಡು ಕೋಟಿ ಸಾಕು. ಹತ್ತು ಲಕ್ಷವನ್ನು ಅರ್ಧ, ಅರ್ಧದ ಅರ್ಧ ಎಂದು ಮಾಡುತ್ತ ಹೋದರೆ ಇಪ್ಪತ್ತೇ ಹಂತಕ್ಕೆ ಒಂಟಿ ಸಂಖ್ಯೆ ಉಳಿಯುತ್ತದೆ. ಒಂದೊಂದು ಹಂತವನ್ನೂ ಸೇರಿಸಿ ಮೇಲೆ ಬರಲು ಹೆಚ್ಚೆಂದರೆ ಹತ್ತು ಲಕ್ಷ ಹೋಲಿಕೆ. ಪಟ್ಟಿ ಇಮ್ಮಡಿಯಾದರೆ ಹಂತ ಹೆಚ್ಚುವುದು ಒಂದೇ ಒಂದು. ನನಗೆ ಈ ವಿಧಾನದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು.

ಗಣಿತಜ್ಞ ಜಾನ್ ವಾನ್ ನಾಯ್ಮನ್ 1945ರಲ್ಲಿ ಇದನ್ನು ಎಡ್‌ವ್ಯಾಕ್ ಎಂಬ ಕಂಪ್ಯೂಟರಿಗಾಗಿ ಬರೆದರು. ಆ ಯಂತ್ರ ಆಗಿನ್ನೂ ಕಾಗದದ ಮೇಲಿತ್ತು. ಲೆಕ್ಕಾಚಾರಕ್ಕೆಂದು ಯೋಚಿಸಿದ ಯಂತ್ರ ಇಂಥ ವಿಂಗಡಣೆಯ ಕೆಲಸಕ್ಕೂ ಒದಗೀತೇ ಎಂದು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು.

ಪ್ರೋಗ್ರಾಂ ಬರೆಯುವವರು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು ಸಾಲು ಖಾಲಿಯಾದಾಗ ಇನ್ನೊಂದರಲ್ಲಿ ಉಳಿದದ್ದನ್ನು ಸೇರಿಸಲು ಮರೆತರೆ ನಮ್ಮ 88 ಕಾಣೆಯಾಗುತ್ತದೆ. ಹೋದದ್ದೆಷ್ಟು, ಬಂದದ್ದೆಷ್ಟು ಎಂದು ಎಣಿಸಿದರೆ ಇದು ಸಿಕ್ಕಿಬೀಳುತ್ತದೆ. ಇನ್ನೊಂದು ಸೂಕ್ಷ್ಮವಾದದ್ದು. ಹೆಸರಿನ ಅಕಾರಾದಿ ಕ್ರಮದಲ್ಲಿರುವ ವಿದ್ಯಾರ್ಥಿಗಳನ್ನು ಅಂಕದ ಪ್ರಕಾರ ಜೋಡಿಸುತ್ತಿದ್ದೀರಿ. ಮುಂದೆ ನಿಂತ ಅನಿತಾಗೂ ವಿನಯ್‌ಗೂ 72 ಅಂಕ. ಸಮ ಬಂದಾಗ ಎಡಸಾಲಿನದನ್ನೇ ಮೊದಲು ತೆಗೆಯಬೇಕು, ಅಂದರೆ ಹೋಲಿಕೆಯಲ್ಲಿ `<` ಬದಲು `<=` ಇರಬೇಕು. ತಪ್ಪಿದರೆ ವಿನಯ್ ಮುಂದಕ್ಕೆ ಬರುತ್ತಾನೆ. ಅಂಕಗಳೇನೋ ಸರಿಯಾಗಿಯೇ ಜೋಡಣೆಯಾಗಿರುತ್ತವೆ, ಬರೀ ಅಂಕ ನೋಡುವವರಿಗೆ ತಪ್ಪು ಕಾಣುವುದೇ ಇಲ್ಲ.

ಕೊರತೆಗಳೂ ಇವೆ. ಹೊಸ ಸಾಲು ಕಟ್ಟಲು ಪಟ್ಟಿಯಷ್ಟೇ ದೊಡ್ಡ ಇನ್ನೊಂದು ಜಾಗ ಬೇಕು. ಹತ್ತಿಪ್ಪತ್ತು ಸಂಖ್ಯೆಗಳ ಪಟ್ಟಿಗೆ ಇಷ್ಟು ಸೀಳಾಟ ದಂಡ, ಅಲ್ಲಿ ಸರಳ ವಿಧಾನವೇ ಬೇಗ ಮುಗಿಯುತ್ತದೆ. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್ ಭಾಷೆಗೆ ಬರೆದ ಟಿಮ್‌ಸಾರ್ಟ್ ಇದನ್ನರಿತೇ ನಡೆಯುತ್ತದೆ. ಅದು ಕಣ್ಣುಮುಚ್ಚಿ ಸೀಳುವುದಿಲ್ಲ. ಪಟ್ಟಿಯಲ್ಲಿ ಆಗಲೇ ಕ್ರಮದಲ್ಲಿರುವ ತುಂಡುಗಳನ್ನು ಹುಡುಕಿ, ತೀರಾ ಗಿಡ್ಡವಾದವನ್ನು ಇನ್ನೊಂದು ಸರಳ ವಿಧಾನದಿಂದ ಬೆಳೆಸಿ, ಆಮೇಲೆ ಸೇರಿಸುತ್ತದೆ.

ಕಂಪ್ಯೂಟರಿನ ಮೆಮೊರಿಗೇ ಹಿಡಿಸದ ಕಡತ ಬಂದಾಗಲೂ ಇದೇ ವಿಧಾನ ಕೈಹಿಡಿಯುತ್ತದೆ. 40 ಜಿಬಿ ಕಡತವಿದೆ, ಮೆಮೊರಿ 8 ಜಿಬಿ ಅಷ್ಟೇ. ನಾಲ್ಕು ನಾಲ್ಕು ಜಿಬಿಯ ಹತ್ತು ತುಂಡು ಮಾಡಿ, ಒಂದೊಂದನ್ನೇ ಮೆಮೊರಿಗೆ ತಂದು ಜೋಡಿಸಿ, ಡಿಸ್ಕಿಗೆ ಮರಳಿ ಬರೆಯುತ್ತಾರೆ. ಆಮೇಲೆ ಹತ್ತೂ ತುಂಡುಗಳ ಮುಂಭಾಗವನ್ನಷ್ಟೇ ಓದುತ್ತ, ಮುಂದಿರುವ ಹತ್ತರಲ್ಲಿ ಚಿಕ್ಕದನ್ನು ತೆಗೆದು ಹೊಸ ಕಡತಕ್ಕೆ ಬರೆಯುತ್ತ ಹೋಗುತ್ತಾರೆ. ಹಿಂದಿರುವ ದಾಖಲೆಗಳು ತಮ್ಮ ಸರದಿ ಬರುವವರೆಗೂ ಡಿಸ್ಕಿನಲ್ಲೇ ಇರುತ್ತವೆ.