ಕೆಳಗಿನಿಂದ ಮೇಲಕ್ಕೆ ಓದುವ ಟಿಪ್ಪಣಿ

1919ರ ಮಾರ್ಚ್ ಕೊನೆಯಲ್ಲಿ ಪ್ಯಾರಿಸ್ಸಿನ ಶಾಂತಿ ಸಮ್ಮೇಳನ ನಾಲ್ಕೇ ಜನರ ಕೋಣೆಯೊಳಗೆ ಸೇರಿಕೊಂಡಿತು. ಅಮೆರಿಕದ ವಿಲ್ಸನ್, ಬ್ರಿಟನ್ನಿನ ಲಾಯ್ಡ್ ಜಾರ್ಜ್, ಫ್ರಾನ್ಸಿನ ಕ್ಲೆಮಾನ್ಸೊ, ಇಟಲಿಯ ಒರ್ಲಾಂಡೊ. ಮೊದಲಿನ ಇಬ್ಬರಿಗೆ ಫ್ರೆಂಚ್ ಸಾಲದು, ಒರ್ಲಾಂಡೊಗೆ ಇಂಗ್ಲಿಷ್ ಬಾರದು. ಇವರ ನಡುವೆ ಪೆನ್ನು ಹಿಡಿದು ಕೂತವನು ಪಾಲ್ ಮಾಂತು. ಈತ ವೃತ್ತಿಯಲ್ಲಿ ಇತಿಹಾಸಕಾರ, ಕೈಗಾರಿಕಾ ಕ್ರಾಂತಿಯ ಬಗ್ಗೆ ದೊಡ್ಡ ಪುಸ್ತಕ ಬರೆದವನು. ಒಬ್ಬರು ಮಾತು ಮುಗಿಸುವವರೆಗೂ ಗುರುತು ಹಾಕಿಕೊಳ್ಳುವುದು, ಮುಗಿದ ಕೂಡಲೇ ಇನ್ನೊಂದು ಭಾಷೆಯಲ್ಲಿ ಪೂರ್ತಿ ಹೇಳುವುದು ಅವನ ಕೆಲಸ. ಮರುದಿನ ಬೆಳಿಗ್ಗೆ ಅವೇ ಚೀಟಿಗಳನ್ನು ಮುಂದಿಟ್ಟುಕೊಂಡು ಹಿಂದಿನ ದಿನದ ಚರ್ಚೆಯನ್ನೆಲ್ಲ ಬಾಯಲ್ಲಿ ಹೇಳಿ ಬರೆಸುತ್ತಿದ್ದ. 1955ರಲ್ಲಿ ಅದು ಎರಡು ಸಂಪುಟಗಳಾಗಿ ಅಚ್ಚಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಎರಡು ಸಂಪುಟ. ಅವನ ಕೈಯಲ್ಲಿದ್ದದ್ದು ಶೀಘ್ರಲಿಪಿಯಲ್ಲ, ಮಾತಿನ ನಕಲೂ ಅಲ್ಲ. ಬರೀ ಗುರುತುಗಳು. ಉಳಿದದ್ದು ಅವನ ತಲೆಯಲ್ಲಿತ್ತು.

ಆಮೇಲೆ ಇದೇ ಒಂದು ಕಸುಬಾಯಿತು. ರಾಷ್ಟ್ರಸಂಘದಲ್ಲಿ ಇಂಥವರ ಪಡೆಯೇ ಬೆಳೆಯಿತು. ಆಂದ್ರೆ ಕಮಿಂಕೆರ್ ಎಂಬಾತ ಕಾಗದ ಮುಟ್ಟದೆ ತಾಸುಗಟ್ಟಲೆಯ ಭಾಷಣವನ್ನು ಒಪ್ಪಿಸುತ್ತಿದ್ದನೆಂದು ಕಸುಬಿನವರು ಇಂದಿಗೂ ಹೇಳುತ್ತಾರೆ. ಝಾನ್ ಹೆರ್ಬೆರ್ ಇನ್ನೊಬ್ಬ. ವಿವೇಕಾನಂದರನ್ನೂ ಅರವಿಂದರನ್ನೂ ಫ್ರೆಂಚರಿಗೆ ಓದಿಸಿದ ಅದೇ ಹೆರ್ಬೆರ್, ವಿಶ್ವಸಂಸ್ಥೆಯ ದುಭಾಷಿಗಳ ಮುಖ್ಯಸ್ಥನಾಗಿದ್ದ. ನಮ್ಮ ಆಶ್ರಮಗಳ ಪುಸ್ತಕದಂಗಡಿಗಳಲ್ಲಿ ಅವನ ಹೆಸರು ಕಂಡವರಿಗೂ ಈ ಅರ್ಧ ಗೊತ್ತಿರುವುದು ಕಡಿಮೆ. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಹೆಡ್‌ಫೋನು ಬಂತು, ಗಾಜಿನ ತಡೆಯ ಹಿಂದಿನಿಂದ ಮಾತು ನಡೆಯುತ್ತಿರುವಾಗಲೇ ಅನುವಾದ ಹರಿಯಿತು. ಎದ್ದು ನಿಂತು ಇಡೀ ಭಾಷಣವನ್ನು ಇನ್ನೊಂದು ಭಾಷೆಯಲ್ಲಿ ಆಡುವ ಹಳೆಯ ಗತ್ತು ಅಲ್ಲಿಂದ ಇಳಿಯಿತು. ನನಗೆ ಇದರ ಬಗ್ಗೆ ಹೊಟ್ಟೆಯುರಿ ಇದೆ, ಮುಚ್ಚಿಡುವುದಿಲ್ಲ.

ಗತ್ತು ಹೋದರೂ ವಿದ್ಯೆ ಉಳಿದದ್ದು ಒಂದು ತೆಳ್ಳನೆ ಪುಸ್ತಕದಿಂದ. ಝಾನ್ ಫ್ರಾನ್ಸ್ವಾ ರೊಝಾನ್ 1956ರಲ್ಲಿ ಜಿನೀವಾದಲ್ಲಿ ಅದನ್ನು ಪ್ರಕಟಿಸಿದ. ಅವನ ಮಾತು ಸರಳ: ಪದ ಬರೆಯಬೇಡ, ಅಭಿಪ್ರಾಯ ಬರೆ. ಆದರೆ, ಆದ್ದರಿಂದ, ಒಂದು ವೇಳೆ ಎಂಬ ಕೊಂಡಿಗಳನ್ನು ಮಾತ್ರ ಒಂದನ್ನೂ ಬಿಡಬೇಡ. ಅಡ್ಡ ಸಾಲಿನಲ್ಲಿ ಬರೆಯದೆ ಮೆಟ್ಟಿಲಿನ ಹಾಗೆ ಓರೆಯಾಗಿ ಇಳಿ. ಚಿಹ್ನೆಗಳನ್ನು ಇಪ್ಪತ್ತಕ್ಕೆ ನಿಲ್ಲಿಸಿದ, ಅದರಲ್ಲೂ ಹತ್ತೇ ಅತ್ಯಗತ್ಯ ಎಂದ. ಮುಂದೆ ಹೈಡೆಲ್‌ಬರ್ಗಿನ ಮಾತಿಸ್ಸೆಕ್ ಇದಕ್ಕೆ ತದ್ವಿರುದ್ಧವಾಗಿ ಚಿಹ್ನೆಗಳ ಒಂದು ಭಾಷೆಯನ್ನೇ ಕಟ್ಟಿದ. ಎರಡು ಪಂಥಗಳ ಜಗಳ ಇನ್ನೂ ಮುಗಿದಿಲ್ಲ. ನಾನು ರೊಝಾನನ ಕಡೆ. ಚಿಹ್ನೆ ನೆನಪು ಮಾಡಿಕೊಳ್ಳುವ ಅರ್ಧ ಕ್ಷಣದಲ್ಲಿ ಮುಂದಿನ ಮಾತು ಕಿವಿ ತಪ್ಪಿರುತ್ತದೆ.

ಇಲ್ಲಿ ನೆನಪು ಎಂದಾಗ ನಮಗೆ ಅವಧಾನಿಗಳು ಹೊಳೆಯುತ್ತಾರೆ. ಆದರೆ ಅವಧಾನಿ ಕಟ್ಟಿದ ಪದ್ಯವನ್ನು ಅಕ್ಷರ ತಪ್ಪದಂತೆ ಕೊನೆಗೆ ಒಪ್ಪಿಸಬೇಕು. ದುಭಾಷಿ ಪದಗಳನ್ನು ಆಗಿಂದಾಗ್ಗೆ ಎಸೆಯಬೇಕು, ತಿರುಳು ನಿಂತರೆ ಸಾಕು. ತಿರುಳಿಲ್ಲದ ಸಂಗತಿಗಳು ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ: ಅಂಕಿ, ತಾರೀಖು, ಹೆಸರು. ಅವು ಕಿವಿಗೆ ಬಿದ್ದ ತಕ್ಷಣ, ಬರೆಯುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟು, ಕಾಗದಕ್ಕೆ ಇಳಿಯಬೇಕು.

ಇಷ್ಟೆಲ್ಲ ಯುರೋಪಿನ ಭಾಷೆಗಳಿಗೆ ಹೊಲಿದ ಅಂಗಿ. ಕನ್ನಡಕ್ಕೆ ಹಾಕಿದಾಗ ಎಲ್ಲಿ ಬಿಗಿಯುತ್ತದೆ ಎಂಬುದು ಜಿಗಣಿಯ ಕಡೆ ಒಂದು ಗ್ರಾನೈಟ್ ಕಾರ್ಖಾನೆಯ ಮಾತುಕತೆಯಲ್ಲಿ ಚೆನ್ನಾಗಿ ಕಂಡಿತು. ವೆರೋನಾ ಕಡೆಯಿಂದ ಬಂದ ವ್ಯಾಪಾರಿ ಬ್ಲಾಕುಗಳನ್ನು ಸ್ಲ್ಯಾಬುಗಳಾಗಿ ಸೀಳುವ ಮಲ್ಟಿವೈರ್ ಯಂತ್ರ ಮಾರಲು ಕೂತಿದ್ದರು. ಕೊಳ್ಳುವ ಯಜಮಾನರು ಕಲ್ಲು ಬಲ್ಲವರು, ಆಡುವುದು ಕನ್ನಡ. ಅದಕ್ಕೆ ಮುಂಚಿನ ಸಭೆ ಇಂಗ್ಲಿಷಿನ ಮೂಲಕ ನಡೆದಿತ್ತು. ಇಟಾಲಿಯನ್ನರ ಹರಕು ಇಂಗ್ಲಿಷನ್ನು ಮ್ಯಾನೇಜರು ಕನ್ನಡ ಮಾಡಿ ಹೇಳಿದ್ದರು. ಷರತ್ತುಗಳೆಲ್ಲ ದಾರಿಯಲ್ಲೇ ಉದುರಿ, ಯಜಮಾನರ ಪಾಲಿಗೆ ಉಳಿದದ್ದು 'ಮೂರು ತಿಂಗಳಲ್ಲಿ ಯಂತ್ರ ಬರುತ್ತೆ' ಎಂಬುದಷ್ಟೆ.

ಈ ಸಲ ದುಭಾಷಿ ನಾನು. ಇಟಾಲಿಯನ್ನಿನಲ್ಲೇ ಅವರು ಹೇಳಿದ ಮಾತಿನ ಸರಣಿ ಹೀಗಿತ್ತು: ಕೊಡುತ್ತೇವೆ ನಾವು ಯಂತ್ರವನ್ನು, ಆರ್ಡರಿನಿಂದ ತೊಂಬತ್ತು ದಿನದೊಳಗೆ, ಆದರೆ ಮೂವತ್ತು ಪರ್ಸೆಂಟ್ ಮುಂಗಡ ತಿಂಗಳ ಕೊನೆಯೊಳಗೆ ಬಂದರಷ್ಟೇ, ಇಲ್ಲದಿದ್ದರೆ ಬೆಲೆಗೆ ಗ್ಯಾರಂಟಿ ಕೊಡಲಾರೆವು, ಯಾಕೆಂದರೆ ಉಕ್ಕು ಏರುತ್ತಿದೆ.

ಮೇಲೆ ಸುರುಳಿ ಇರುವ ಸಣ್ಣ ಪ್ಯಾಡಿನಲ್ಲಿ, ಒಂದೇ ಮಗ್ಗುಲಲ್ಲಿ, ನನ್ನ ಪುಟದ ಎಡ ಅಂಚಿಗೆ ಮೂರು ಕೊಂಡಿ ಬಿದ್ದವು: 'ಆದರೆ', 'ಇಲ್ಲ', 'ಯಾಕೆ'. ಬಲಕ್ಕೆ ಓರೆಯಾಗಿ ಯಂತ್ರ, 90 ದಿ. ಅದರ ಕೆಳಗೆ 30%, 'ಮು', ತಿಂಗಳ ಕೊನೆಗೆ ಒಂದು ಗೋಡೆ ಗೆರೆ. ಆಮೇಲೆ ಬೆಲೆಯ ಮೇಲೆ ಒಂದು ಅಡ್ಡಗೀಟು. ಕೊನೆಗೆ ಉಕ್ಕಿನ ಪಕ್ಕ ಮೇಲ್ಮುಖ ಬಾಣ. ಕನ್ನಡದಲ್ಲಿ ಒಂದು ಅಕ್ಷರವೇ ಸ್ವರ ಸಮೇತ ನಿಲ್ಲುವುದರಿಂದ 'ಮು' ಸಾಕು, ಮುಂಗಡ ನೆನಪಾಗುತ್ತದೆ. ಒತ್ತಕ್ಷರ ಬರೆಯಲು ಹೋದರೆ ಮಾತ್ರ ಕೆಟ್ಟೆವು. ಕೊನೆಗೆ ಪುಟದ ಅಡ್ಡಕ್ಕೂ ಒಂದು ಗೆರೆ, ಇಲ್ಲದಿದ್ದರೆ ಹಿಂದಿನ ಸುತ್ತಿನ ಅಂಕಿ ಈ ಸುತ್ತಿಗೆ ನುಸುಳುತ್ತದೆ.

ಕಷ್ಟ ಶುರುವಾಗುವುದು ಬಾಯಿ ತೆರೆದಾಗ. ಇಟಾಲಿಯನ್ ಮೊದಲು ವಾಗ್ದಾನ ಮಾಡಿ ಆಮೇಲೆ ಷರತ್ತು ಹಾಕುತ್ತದೆ. ಪುಟದ ಮೇಲಿನಿಂದ ಓದುತ್ತಾ ಹೋದರೆ 'ತೊಂಬತ್ತು ದಿನದಲ್ಲಿ ಕೊಡುತ್ತೇವೆ' ಎಂದು ವಾಕ್ಯ ಮುಗಿದುಬಿಡುತ್ತದೆ, ಯಜಮಾನರು ತಲೆದೂಗಿಬಿಡುತ್ತಾರೆ, ಬಾಲಕ್ಕೆ ಸಿಕ್ಕಿಸಿದ 'ಆದರೆ' ಅವರ ಕಿವಿಗೆ ಹೋಗುವುದೇ ಇಲ್ಲ. ಕನ್ನಡದ ಕಿವಿ ಷರತ್ತನ್ನು ಮೊದಲು ಕೇಳಿ ಕ್ರಿಯಾಪದಕ್ಕೆ ಕಾಯುವ ಕಿವಿ. ಹಾಗಾಗಿ ನಾನು ಎಡ ಅಂಚಿನ ಕೊಂಡಿಗೆ ಮೊದಲು ಕಣ್ಣು ಹಾಯಿಸಿ, ಕೆಳಗಿನ ಮೆಟ್ಟಿಲಿಂದ ಮೇಲಕ್ಕೆ ಹತ್ತಿದೆ: "ಈ ತಿಂಗಳ ಕೊನೆಯೊಳಗೆ ಮೂವತ್ತು ಪರ್ಸೆಂಟ್ ಮುಂಗಡ ನಮ್ಮ ಕೈ ಸೇರಿದರೆ ಮಾತ್ರ, ಆರ್ಡರ್ ಆಗಿ ತೊಂಬತ್ತು ದಿನದೊಳಗೆ ಯಂತ್ರ ಕೊಡುತ್ತೇವೆ. ಉಕ್ಕಿನ ರೇಟು ಏರುತ್ತಾ ಇರೋದರಿಂದ, ಮುಂಗಡ ತಡವಾದರೆ ಈ ಬೆಲೆಗೆ ಗ್ಯಾರಂಟಿ ಇಲ್ಲ." ಎರಡನೇ ವಾಕ್ಯದಲ್ಲಿ ಕಾರಣವನ್ನು ಕೊನೆಯಿಂದ ಕಿತ್ತು ಮುಂದಕ್ಕೆ ತಂದದ್ದೂ ಇದೇ ಲೆಕ್ಕ.

ಇನ್ನೊಂದು ಗುಂಡಿ ಅಂಕಿಯದು. ಬೆಲೆ ಹೇಳುವಾಗ ಅವರು ಆರುನೂರ ಐವತ್ತು ಸಾವಿರ ಎನ್ನುತ್ತಾರೆ. ನಾವು ಆರೂವರೆ ಲಕ್ಷ ಎನ್ನಬೇಕು. ಕೇಳುವಾಗಲೇ ಲಕ್ಷಕ್ಕೆ ತಿರುಗಿಸಲು ಹೊರಟರೆ ಸೊನ್ನೆ ಜಾರಿ ಅರವತ್ತೈದಾಗುತ್ತದೆ. ಕೇಳಿದ ಹಾಗೆಯೇ 650 ಬರೆದು, ಸಾವಿರಕ್ಕೊಂದು ಗೀಟು ಎಳೆದು, ಹೇಳುವಾಗ ತಿರುಗಿಸುವುದು ಕ್ಷೇಮ. ಅವರು ಬರೆದುಕೊಟ್ಟ ಕಾಗದದಲ್ಲೂ ಎಚ್ಚರ ಬೇಕು: ಇಟಲಿಯಲ್ಲಿ ಸಾವಿರ ಬಿಡಿಸುವುದು ಚುಕ್ಕೆ, ದಶಮಾಂಶಕ್ಕೆ ಅಲ್ಪವಿರಾಮ. ಬೆಲೆ ಬಂದಾಗಲೆಲ್ಲ ಬಾಯಲ್ಲಿ ಹೇಳಿ, ಪ್ಯಾಡು ತಿರುಗಿಸಿ ಇಬ್ಬರಿಗೂ ತೋರಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಯಾರಿಗೂ ಅವಮಾನವಿಲ್ಲ.

ಮಾತು ನಿಂತ ಜಾಗದಲ್ಲಿ ಅರ್ಥ ದಾಟಿತೋ ಇಲ್ಲವೋ ಎಂಬುದು ಕೇಳಿದವರ ಮುಂದಿನ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ. ಯಜಮಾನರು ಕನ್ನಡಕ ಹಣೆಗೇರಿಸಿ ಕೇಳಿದರು: "ಅಲ್ಲ ಸಾರ್, ನಾವು ಎಲ್‌ಸಿ ತೆರೆದರೆ ಅದನ್ನ ಮುಂಗಡ ಅಂತ ಲೆಕ್ಕಕ್ಕೆ ತಗೋತಾರಾ, ಇಲ್ಲ ದುಡ್ಡೇ ಅವರ ಖಾತೆಗೆ ಬೀಳಬೇಕಾ?" ಹಿಂದಿನ ಸಭೆಯಲ್ಲಿ ಹುಟ್ಟದೇ ಹೋಗಿದ್ದ ಪ್ರಶ್ನೆ ಅದು. ವೆರೋನಾದವರು ಅದಕ್ಕೆ ನೇರ ಉತ್ತರ ಕೊಡದೆ ಊರಿಗೆ ಫೋನ್ ಹಚ್ಚಿದರು.