ಕೆಟ್ಟ ರೇಷ್ಮೆ ಸೀರೆ, ಡ್ರೈಕ್ಲೀನರ್‌ಗೊಂದು ಪತ್ರ

ಮದುವೆಗೆ ಉಟ್ಟ ರೇಷ್ಮೆ ಸೀರೆ ಡ್ರೈಕ್ಲೀನಿಂಗ್‌ನಿಂದ ಮರಳಿದಾಗ ಒಡಲಿನ ಮೇಲೆ ಉಂಗುರದಂಥ ನೀರಿನ ಕಲೆ, ಅಂಚಿನ ಬಣ್ಣ ಮಂಕು. ಕೇಳಿದರೆ ಅಂಗಡಿಯವರು ರಶೀದಿಯ ಹಿಂಬದಿ ತೋರಿಸುತ್ತಾರೆ: ‘ಬಟ್ಟೆ ಹಾಳಾದರೆ ನಾವು ಹೊಣೆಯಲ್ಲ.’ ಬಹಳ ಮಂದಿ ಅಲ್ಲಿಗೇ ಸುಮ್ಮನಾಗುತ್ತಾರೆ.

ಆದರೆ ಕಲೆಯೇ ಸಾಕ್ಷಿ ಹೇಳುತ್ತದೆ. ಡ್ರೈಕ್ಲೀನಿಂಗ್‌ನಲ್ಲಿ ಬಟ್ಟೆ ತೊಳೆಯುವುದು ನೀರಿನಲ್ಲಲ್ಲ, ಪರ್‌ಕ್ಲೋರೊಎಥಿಲೀನ್ ಅಥವಾ ಪೆಟ್ರೋಲಿಯಂ ಮೂಲದ ದ್ರಾವಕದಲ್ಲಿ. ಬೆವರು, ಸಾರಿನ ಕಲೆ ಅದಕ್ಕೆ ಬಗ್ಗದಿದ್ದಾಗ ಆ ಜಾಗಕ್ಕಷ್ಟೇ ನೀರು ಅಥವಾ ಹಬೆ ಹಾಯಿಸುತ್ತಾರೆ. ನೀರು ಹರಡುತ್ತ ಬಟ್ಟೆಯ ಗಂಜಿ, ಕೊಳೆ, ಸಡಿಲ ಬಣ್ಣವನ್ನು ಹೊರಕ್ಕೆ ಒಯ್ದು, ತಾನು ಒಣಗುವ ಕಡೆ ಬಿಟ್ಟುಹೋಗುತ್ತದೆ. ಆ ಗೆರೆಯೇ ಉಂಗುರ. ಅಂಚಿನ ಬಣ್ಣ ಪಕ್ಕದ ಒಡಲಿಗೆ ಇಳಿದಿದ್ದರೆ ಅದೂ ನೀರಿನದೇ ಕೆಲಸ. ಮಡಿಕೆಯ ಹೊರಮೈ ಮಾತ್ರ ಮಾಸಿದ್ದರೆ ಬಿಸಿಲು, ಬೆಳಕು ಕಾರಣವಿರಬಹುದು. ಆಗ ದೂರಿಗೆ ಬಲ ಕಡಿಮೆ.

ಪತ್ರದಲ್ಲಿ ಕೋಪಕ್ಕಿಂತ ಈ ವಿವರಗಳು ಇರಬೇಕು. ಒಂದು ಮಾದರಿ:

‘ಮಾರ್ಚ್ 3ರಂದು ಹಸಿರು ಅಂಚಿನ ರೇಷ್ಮೆ ಸೀರೆಯನ್ನು ನಿಮ್ಮಲ್ಲಿ ಕೊಟ್ಟೆ. ಸೆರಗಿನ ಒಂದು ಎಣ್ಣೆಕಲೆ ಬಿಟ್ಟು ರಶೀದಿಯಲ್ಲಿ ಬೇರೆ ದೋಷ ನಮೂದಾಗಿಲ್ಲ. ಮಾರ್ಚ್ 10ರಂದು ಮರಳಿ ಪಡೆದಾಗ ಒಡಲಿನಲ್ಲಿ ಮೂರು ಉಂಗುರಗಳಿದ್ದವು; ಅಂಚಿನ ಹಸಿರು ಒಡಲಿಗೆ ಇಳಿದಿತ್ತು. ಎರಡು ವರ್ಷದ ಹಿಂದೆ 18,000 ರೂಪಾಯಿಗೆ ಕೊಂಡ ಸೀರೆಯಿದು. ಬಳಕೆಯ ಸವೆತಕ್ಕೆ 4,000 ಕಳೆದು 14,000 ರೂಪಾಯಿಯನ್ನೂ ಶುಲ್ಕ 450 ರೂಪಾಯಿಯನ್ನೂ 15 ದಿನದೊಳಗೆ ಕೊಡಬೇಕು.’

ಜೊತೆಗೆ ಸೀರೆಯ ಬಿಲ್ಲು, ರಶೀದಿ, ಫೋಟೊಗಳ ಪ್ರತಿ ಸೇರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು. ಸವೆತ ಕಳೆದು ಕೇಳಿದ ಮೊತ್ತವನ್ನು ಸಮರ್ಥಿಸುವುದು ಸುಲಭ. ‘ಇನ್ನೊಮ್ಮೆ ತೊಳೆದುಕೊಡುತ್ತೇವೆ’ ಎಂದರೆ ದೋಷಗಳನ್ನು ಬರೆಸಿಕೊಳ್ಳದೆ ಸೀರೆ ಕೊಡಬಾರದು. ತೊಳೆದ ಮೇಲೆ ಸಾಕ್ಷಿಯೇ ಉಳಿಯದಿರಬಹುದು.

ಇನ್ನು ರಶೀದಿಯ ಷರತ್ತು. ಲಾಂಡ್ರಿಯೊಂದು ಹೊಸ ಸೀರೆ ಕಳೆದುಹಾಕಿ, ಬೆಲೆಯ ಶೇ 15ರಷ್ಟು ಮಾತ್ರ ಕೊಡುವುದಾಗಿ ರಶೀದಿಯಲ್ಲಿ ಅಚ್ಚಾಗಿದೆ ಎಂದು ವಾದಿಸಿತ್ತು. 1966ರ ಕಾನೂನು ವರದಿಗಳಲ್ಲಿ ದಾಖಲಾದ ಆ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್, ಅಂಥ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ಅದನ್ನು ಒಪ್ಪಲಿಲ್ಲ. ಅಚ್ಚಾದದ್ದೆಲ್ಲ ಕಾನೂನಲ್ಲ.

ಉತ್ತರ ಬಾರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದೂ ಫಲಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ವಕೀಲರು ಕಡ್ಡಾಯವಲ್ಲ. ಇಷ್ಟು ಸಣ್ಣ ಸೇವೆಯ ದೂರಿಗೆ ಆಯೋಗದ ಶುಲ್ಕವೂ ಇಲ್ಲ. ಆದರೆ ಹಾನಿಯಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.