9.15ಕ್ಕೆ ಮುಂಚಿನ ಆ ಒಂದು ಅಂಕಿ

ಬೆಳಿಗ್ಗೆ ಎಂಟರ ಹೊತ್ತಿಗೆ ಯಾವ ವ್ಯವಹಾರ ವಾಹಿನಿ ಹಾಕಿದರೂ ಪರದೆಯ ಮೂಲೆಯಲ್ಲಿ ‘ಗಿಫ್ಟ್ ನಿಫ್ಟಿ’ ಎಂಬ ಹೆಸರು, ಪಕ್ಕದಲ್ಲಿ ಹಸಿರೋ ಕೆಂಪೋ ಬಣ್ಣದ ಒಂದು ಅಂಕಿ ಕಾಣುತ್ತದೆ. ಅದನ್ನು ನೋಡದೆ ಟ್ರೇಡರುಗಳ ದಿನ ಶುರುವಾಗುವುದಿಲ್ಲ. ಈ ಅಂಕಿ ಪೇಟೆ ಎಲ್ಲಿ ತೆರೆಯುತ್ತದೆ ಎಂಬುದನ್ನು ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತದೆ. ತೆರೆದ ಮೇಲೆ ಎತ್ತ ಹೋಗುತ್ತದೆ ಎಂಬುದನ್ನು ಹೇಳುವುದಿಲ್ಲ. ಇವೆರಡೂ ಒಂದೇ ಎಂದುಕೊಂಡವರೇ ಬೆಳಗಿನ ಮೊದಲ ಹತ್ತು ನಿಮಿಷದಲ್ಲಿ ಕೈ ಸುಟ್ಟುಕೊಳ್ಳುವುದು.

ಈ ಅಂಕಿ ಹುಟ್ಟಿದ್ದು ಭಾರತದಲ್ಲಲ್ಲ. 1992ರಲ್ಲಿ ಷಿಕಾಗೋದ ವಿನಿಮಯ ಕೇಂದ್ರ ‘ಗ್ಲೋಬೆಕ್ಸ್’ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ ತಂದ ಮೇಲೆ, ಅಮೆರಿಕದ ಷೇರುಪೇಟೆ ಬಾಗಿಲು ಹಾಕಿದ ಹೊತ್ತಿನಲ್ಲೂ ಫ್ಯೂಚರ್ಸ್ ವಹಿವಾಟು ನಡೆಸುವ ದಾರಿ ತೆರೆಯಿತು. 1997ರಲ್ಲಿ ಬಂದ ಇ-ಮಿನಿ ಎಸ್ ಅಂಡ್ ಪಿ 500 ಆ ರಾತ್ರಿಪೇಟೆಗೆ ಜನ ಸೇರುವಂತೆ ಮಾಡಿತು. ನಮ್ಮ ನಿಫ್ಟಿಗೆ ಅಂಥ ಅವಕಾಶ ಸಿಕ್ಕಿದ್ದು ಸಿಂಗಪುರದಲ್ಲಿ. 2000ದ ಜೂನ್‌ನಲ್ಲಿ ಮುಂಬೈಯಲ್ಲಿ ನಿಫ್ಟಿ ಫ್ಯೂಚರ್ಸ್ ಶುರುವಾದ ಮೂರೇ ತಿಂಗಳಿಗೆ ಸಿಂಗಪುರ ವಿನಿಮಯ ಕೇಂದ್ರವೂ ತನ್ನ ನಿಫ್ಟಿ ಫ್ಯೂಚರ್ಸ್ ತೆರೆಯಿತು. ಇಲ್ಲಿ ನೋಂದಾಯಿಸಿಕೊಳ್ಳುವ ತಾಪತ್ರಯ ಬೇಡವೆಂದ ವಿದೇಶಿ ಹೂಡಿಕೆದಾರರು ಅಲ್ಲಿ ಸೇರಿದರು. ಸಿಂಗಪುರದ ಒಂಬತ್ತು ಗಂಟೆ ಎಂದರೆ ನಮ್ಮ ಆರೂವರೆ. ಹೀಗಾಗಿ ಮುಂಬೈ ಏಳುವ ಮೊದಲೇ ನಿಫ್ಟಿಗೆ ಅಲ್ಲೊಂದು ಬೆಲೆ ಬಿದ್ದಿರುತ್ತಿತ್ತು. ತಮ್ಮ ವಹಿವಾಟು ಹೊರಗೆ ಹರಿದುಹೋಗುತ್ತಿದೆ ಎಂದು 2018ರ ಫೆಬ್ರುವರಿಯಲ್ಲಿ ಭಾರತದ ವಿನಿಮಯ ಕೇಂದ್ರಗಳು ಹೊರಗಿನ ಕೇಂದ್ರಗಳಿಗೆ ಕೊಟ್ಟಿದ್ದ ಸೂಚ್ಯಂಕದ ಪರವಾನಗಿ ನಿಲ್ಲಿಸುವುದಾಗಿ ಹೇಳಿದವು. ಜಗಳ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿ ಕೊನೆಗೆ ರಾಜಿಯಾಯಿತು. 2023ರ ಜುಲೈ 3ರಂದು ವಹಿವಾಟೆಲ್ಲ ಗಾಂಧಿನಗರದ ಗಿಫ್ಟ್ ಸಿಟಿಗೆ ಬಂತು. ಊರು ಬದಲಾದರೂ ಬೆಳಗಿನ ಆರೂವರೆ ಬದಲಾಗಲಿಲ್ಲ.

ಅಂಕಿಯನ್ನು ಓದುವಾಗಿನ ಮೊದಲ ತಪ್ಪು ಲೆಕ್ಕದ್ದು. ನಿನ್ನೆ ನಿಫ್ಟಿ 24,000ಕ್ಕೆ ಮುಗಿದಿದೆ, ಈಗ ಗಿಫ್ಟ್ ನಿಫ್ಟಿ 24,050 ತೋರಿಸುತ್ತಿದೆ ಎಂದಿಟ್ಟುಕೊಳ್ಳೋಣ. ಐವತ್ತು ಅಂಶ ಮೇಲೆ ತೆರೆಯುತ್ತದೆ ಎಂದು ಹಿಗ್ಗುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ನಿನ್ನೆ ಮಧ್ಯಾಹ್ನ ಮೂರೂವರೆಗೆ ಇದೇ ಗಿಫ್ಟ್ ನಿಫ್ಟಿ ಎಷ್ಟಿತ್ತು? ಆಗ 24,090 ಇದ್ದಿದ್ದರೆ ರಾತ್ರಿಯಿಡೀ ಅದು ನಲವತ್ತು ಅಂಶ ಇಳಿದಿದೆ, ಪೇಟೆ ಕೆಳಗೇ ತೆರೆಯುವ ಸಂಭವ ಹೆಚ್ಚು. ಫ್ಯೂಚರ್ಸ್ ಬೆಲೆಯಲ್ಲಿ ಅವಧಿ ಮುಗಿಯುವವರೆಗಿನ ಬಡ್ಡಿಯ ಭಾರವೂ ಸೇರಿರುವುದರಿಂದ ಅದು ಸಾಮಾನ್ಯವಾಗಿ ಸೂಚ್ಯಂಕಕ್ಕಿಂತ ಮೇಲಿರುತ್ತದೆ. ಹೊಸ ಕರಾರು ಶುರುವಾದಾಗ ಈ ಅಂತರ ದೊಡ್ಡದು, ಮುಕ್ತಾಯದ ದಿನ ಹತ್ತಿರವಾದಂತೆ ಕರಗುತ್ತದೆ. ಆದ್ದರಿಂದ ಫ್ಯೂಚರ್ಸನ್ನು ಫ್ಯೂಚರ್ಸಿನ ಜೊತೆಗೇ, ಅದೂ ಅದೇ ತಿಂಗಳ ಕರಾರಿನ ಜೊತೆಗೇ ಹೋಲಿಸಬೇಕು.

ಲೆಕ್ಕ ಸರಿಯಿದ್ದರೂ ಉಳಿಯುವ ಎರಡನೆಯ ತಪ್ಪು, ಆರಂಭವನ್ನೇ ಇಡೀ ದಿನದ ದಿಕ್ಕು ಎಂದುಕೊಳ್ಳುವುದು. ಅದಕ್ಕೆ 2016ರ ನವೆಂಬರ್ 9ಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಹಿಂದಿನ ರಾತ್ರಿ ನೋಟು ರದ್ದತಿಯ ಘೋಷಣೆಯಾಗಿತ್ತು. ಬೆಳಿಗ್ಗೆ ಅಮೆರಿಕದ ಮತ ಎಣಿಕೆಯಲ್ಲಿ ಟ್ರಂಪ್ ಮುನ್ನಡೆಯುತ್ತಿದ್ದಂತೆ ಎಸ್ ಅಂಡ್ ಪಿ ಫ್ಯೂಚರ್ಸ್ ಶೇ 5ರ ತಡೆಮಿತಿಯತ್ತ ಕುಸಿಯತೊಡಗಿತ್ತು. ಸೂಚನೆ ಸುಳ್ಳಾಗಲಿಲ್ಲ: ಹಿಂದಿನ ದಿನ 8,543ರಲ್ಲಿ ಮುಗಿದಿದ್ದ ನಿಫ್ಟಿ 8,067ರ ಆಸುಪಾಸಿನಲ್ಲಿ ತೆರೆಯಿತು. ಆದರೆ ದಿನ ಮುಗಿದಾಗ ಅದು 8,432ರಲ್ಲಿತ್ತು. ಆರಂಭದಲ್ಲೇ ಗಾಬರಿಯಿಂದ ಮಾರಿದವರು ಮುನ್ನೂರಕ್ಕೂ ಹೆಚ್ಚು ಅಂಶ ಬಿಟ್ಟುಕೊಟ್ಟಂತಾಯಿತು. ಅಷ್ಟು ಬೆದರಿಸಿದ ಅಮೆರಿಕದ ಪೇಟೆಯಂತೂ ಆ ದಿನದ ಕೊನೆಗೆ ಶೇ 1ಕ್ಕಿಂತ ಮೇಲೇರಿಯೇ ನಿಂತಿತು.

ಅದು ಅಪರೂಪದ ದಿನ, ಅದನ್ನೇ ಹಿಡಿದು ವಾದಿಸುವುದು ಸರಿಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಪರೂಪದ್ದು ಏರಿಳಿತದ ಗಾತ್ರ ಮಾತ್ರ, ಒಳಗಿನ ಕಾರಣ ದಿನದಿನದ್ದು. 2010ರ ಅಕ್ಟೋಬರ್‌ನಿಂದ ಷೇರುಗಳಿಗೆ ಬೆಳಿಗ್ಗೆ ಒಂಬತ್ತಕ್ಕೆ ಪ್ರಿ-ಓಪನ್ ಹರಾಜು ನಡೆಯುತ್ತಿದೆ. ಸುಮಾರು 9.08ರವರೆಗೆ ಬಂದ ಆರ್ಡರುಗಳನ್ನು ಒಟ್ಟುಗೂಡಿಸಿ ಒಂದೇ ಆರಂಭಿಕ ಬೆಲೆ ಕಂಡುಕೊಳ್ಳಲಾಗುತ್ತದೆ. ರಾತ್ರಿಯ ಸುದ್ದಿಯೆಲ್ಲ ಆ ಬೆಲೆಯೊಳಗೆ ಇಳಿದುಬಿಡುತ್ತದೆ. ಗಿಫ್ಟ್ ನಿಫ್ಟಿ ನೂರು ಅಂಶ ಮೇಲಿದೆ ಎಂದು ಗೊತ್ತಿದ್ದವರಿಗೂ ನಿನ್ನೆಯ ಬೆಲೆಗೆ ಕೊಡುವವರು ಇವತ್ತು ಯಾರೂ ಇರುವುದಿಲ್ಲ.

ಹಾಗಿದ್ದರೆ ನೋಡುವುದೇಕೆ? ಅಳತೆ ಹಾಕಿಕೊಳ್ಳುವುದಕ್ಕೆ. 2016ರ ಆ ಬೆಳಗನ್ನೇ ತೆಗೆದುಕೊಂಡರೆ, 8,450ಕ್ಕೆ ಟ್ರಿಗರ್, 8,440ಕ್ಕೆ ಲಿಮಿಟ್ ಇಟ್ಟ ಸ್ಟಾಪ್ ಲಾಸ್ ಆರ್ಡರು 8,067ರ ಆಸುಪಾಸಿನಲ್ಲಿ ತೆರೆಯುವ ಪೇಟೆಯಲ್ಲಿ ಜಾಗೃತವಾಗುತ್ತದೆ, ಮಾರಾಟ ಮಾತ್ರ ಆಗುವುದಿಲ್ಲ. ಕಾಪಾಡಬೇಕಾದ್ದು ನಿಂತಲ್ಲೇ ನಿಂತಿರುತ್ತದೆ. ದೊಡ್ಡ ಗ್ಯಾಪ್ ಬರಲಿದೆ ಎಂದು ಎಂಟೂವರೆಗೇ ತಿಳಿದರೆ ಅಂಥ ಆರ್ಡರುಗಳನ್ನು ಹಾಕುವ ಮೊದಲೇ ಯೋಚಿಸಬಹುದು, ನಿನ್ನೆ ಲೆಕ್ಕ ಹಾಕಿದ ಪ್ರಮಾಣವನ್ನು ಅರ್ಧಕ್ಕೆ ಇಳಿಸಬಹುದು. ಆಮೇಲೆ 9.08ರ ನಂತರ ಹರಾಜಿನಲ್ಲಿ ಮೂಡಿದ ನಿಫ್ಟಿಯನ್ನು ಬೆಳಗಿನ ಅಂಕಿಯ ಪಕ್ಕ ಇಟ್ಟು ನೋಡಬೇಕು. ಎರಡೂ ಸುಮಾರಾಗಿ ಕೂಡಿದರೆ ರಾತ್ರಿಯ ಸುದ್ದಿ ಅಲ್ಲಿಗೆ ಖರ್ಚಾದಂತೆ. ಕೂಡದಿದ್ದರೆ ಎಚ್‌ಡಿಎಫ್‌ಸಿ ಬ್ಯಾಂಕ್, ರಿಲಯನ್ಸ್‌ನಂಥ ಭಾರದ ಷೇರುಗಳಲ್ಲಿ ಯಾವುದು ಎಳೆಯುತ್ತಿದೆ ಎಂದು ಹುಡುಕುವುದಕ್ಕೆ 9.15ರವರೆಗೆ ಇನ್ನೂ ಕೆಲವು ನಿಮಿಷ ಉಳಿದಿರುತ್ತದೆ.